ಮೂರೂವರೆ ಗುಂಟೆಯ ಗೆರೆ

ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು. ಬೋಧನಾಭ್ಯಾಸಕ್ಕೆಂದು ನಮ್ಮ ತಂಡದ ಪ್ರಶಿಕ್ಷಣಾರ್ಥಿಗಳು ಈ ನಾಲ್ಕೂ ಕಡೆಗೆ ಹಂಚಿಹೋದಾಗ ನನ್ನ ಪಾಲಿಗೆ ಬಂದದ್ದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ. ಎಂಟನೆಯ ತರಗತಿಯ ಗಣಿತದಲ್ಲಿ ಕ್ಷೇತ್ರಗಣಿತದ ಪಾಠ. ಅಂಕುಡೊಂಕಾದ ಬಹುಭುಜಾಕೃತಿಯನ್ನು ತ್ರಿಭುಜ, ತ್ರಾಪಿಜ್ಯಗಳಾಗಿ ಒಡೆದು ವಿಸ್ತೀರ್ಣ ಕಂಡುಹಿಡಿಯುವುದು ಅದರ ಒಂದು ಭಾಗ. ಪಠ್ಯಪುಸ್ತಕದ ಆಕೃತಿಗಳನ್ನು ಕಪ್ಪುಹಲಗೆಯ ಮೇಲೆ ಬರೆದರೆ ಪಾಠವೇನೋ ಮುಗಿಯುತ್ತಿತ್ತು. ಆದರೆ ಅಂಕುಡೊಂಕಾದ ಬಹುಭುಜಾಕೃತಿಗಳು ಆ ಮಕ್ಕಳ ಮನೆಯ ಹಿಂದೆಯೇ ಇದ್ದವು. ಅವು ಅವರವರ ಹೊಲಗಳು. ಹಾಗಾಗಿ ಊರಿನ ನಕ್ಷೆಯನ್ನೇ ಗೋಡೆಯಗಲ ಮಾಡಿ ತೂಗುಹಾಕಬೇಕೆಂದು ಪಾಠಯೋಜನೆಯಲ್ಲಿ ಬರೆದೆ. ಆ ಒಂದು ಪಾಠೋಪಕರಣ ಮಾಡುವಾಗ ಕಲಿತದ್ದನ್ನೂ, ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ. ಸರ್ವೆ ನಂಬರುಗಳನ್ನೂ ವಿಸ್ತೀರ್ಣಗಳನ್ನೂ ಬದಲಿಸಿದ್ದೇನೆ. ಯಾರ ಹೊಲವೆಂದು ಗುರುತಾಗಬಾರದು.

ಮೊದಲು ನೆನಪಾದದ್ದು ಟೋಪೋಶೀಟ್ ಎಂದು ಭೂಗೋಳದವರು ಕರೆಯುವ ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆ. ಅದರ ಪ್ರಮಾಣ 1:50,000. ಒಂದು ಎಕರೆಯ ಚೌಕದ ಬದಿ ಸುಮಾರು 64 ಮೀಟರ್. ಆ ನಕ್ಷೆಯಲ್ಲಿ ಅದು ಒಂದೂಕಾಲು ಮಿಲಿಮೀಟರ್ ಆಗುತ್ತದೆ. ಬೆಟ್ಟ, ಹಳ್ಳ, ರಸ್ತೆ ತೋರಿಸಲು ಅದು ಸರಿ, ಹೊಲ ತೋರಿಸಲು ಆಗದು. ನಮಗೆ ಬೇಕಾದದ್ದು ಗ್ರಾಮ ನಕಾಶೆ. ನಮ್ಮ ಕಡೆಯ ಹಳೆಯ ಗ್ರಾಮ ನಕಾಶೆಗಳ ಪ್ರಮಾಣ 1:7920, ಅಂದರೆ ಒಂದು ಅಂಗುಲಕ್ಕೆ 660 ಅಡಿ. ಈ ಸಂಖ್ಯೆ ವಿಚಿತ್ರವಾಗಿ ಕಾಣುತ್ತದೆ, ಆದರೆ ಅದರ ಹಿಂದೆ ಸರ್ವೆಯವರ ಸರಪಳಿಯಿದೆ. ಸರಪಳಿಯ ಉದ್ದ 33 ಅಡಿ. ಒಂದು ಚದರ ಸರಪಳಿ ಎಂದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ನಕಾಶೆಯ ಒಂದು ಅಂಗುಲದಲ್ಲಿ ಇಪ್ಪತ್ತು ಸರಪಳಿ ಹಿಡಿಸುತ್ತದೆ, ಒಂದು ಚದರ ಅಂಗುಲದಲ್ಲಿ ಹತ್ತು ಎಕರೆ.

ಇದನ್ನು ಹತ್ತುಪಟ್ಟು ಹಿಗ್ಗಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದಾಗ ನನಗೇ ಖುಷಿಯಾಯಿತು. ಪ್ರಮಾಣ 1:792 ಆಗುತ್ತದೆ. ಒಂದು ಸರಪಳಿ ಸರಿಯಾಗಿ ಅರ್ಧ ಅಂಗುಲ ಆಗುತ್ತದೆ. ಅರ್ಧ ಅಂಗುಲದ ಒಂದು ಚೌಕ ಒಂದು ಗುಂಟೆ, ಹತ್ತು ಚದರ ಅಂಗುಲ ಒಂದು ಎಕರೆ. ಉದ್ದ ಹತ್ತುಪಟ್ಟಾದರೆ ವಿಸ್ತೀರ್ಣ ನೂರುಪಟ್ಟು ಎಂಬುದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಮಕ್ಕಳು ಅಡಿಪಟ್ಟಿ ಇಟ್ಟು ಅಳೆದು, ಬಂದ ಉತ್ತರವನ್ನು ಮನೆಯ ಪಹಣಿಯ ಜೊತೆ ಹೋಲಿಸಬಹುದು. ಕೆರೆ ಮತ್ತು ಅದರ ಕೆಳಗಿನ ಹೊಲಗಳಿರುವ ಏಳು ಅಂಗುಲ ಅಗಲ, ಐದು ಅಂಗುಲ ಎತ್ತರದ ಭಾಗವನ್ನು ಆರಿಸಿಕೊಂಡೆ. ಹಿಗ್ಗಿಸಿದ ಮೇಲೆ ಅದು ಸುಮಾರು ಆರಡಿಗೆ ನಾಲ್ಕಡಿ.

ಮುಖ್ಯ ಶಿಕ್ಷಕರ ಬಳಿ ಊರಿನ ನಕಾಶೆಯ ಒಂದು ನೆರಳಚ್ಚು ಪ್ರತಿ ಇತ್ತು. ಮಡಿಕೆಯ ಗುರುತು, ಚಹಾದ ಕಲೆ, ಮಾಸಿದ ಅಂಕಿಗಳು. ಮಧುಗಿರಿಗೆ ಒಯ್ದು ಅಂಗುಲಕ್ಕೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿಸಿದೆ. ಅದನ್ನೇ ನೇರ ದೊಡ್ಡದು ಮಾಡಿ ಮುದ್ರಿಸಿದರೆ ಸಾಲದೇ ಎಂದು ಗೆಳತಿ ಕೇಳಿದಳು. ಸಾಲದು. ಸ್ಕ್ಯಾನ್ ಮಾಡಿದ ಚಿತ್ರವೆಂದರೆ ಚುಕ್ಕಿಗಳ ಚಾಪೆ. ಹತ್ತುಪಟ್ಟು ಹಿಗ್ಗಿಸಿದಾಗ ಹೊಸ ಚುಕ್ಕಿ ಹುಟ್ಟುವುದಿಲ್ಲ, ಇರುವ ಚುಕ್ಕಿಯೇ ಹತ್ತುಪಟ್ಟು ದಪ್ಪವಾಗುತ್ತದೆ. ಅಂಗುಲಕ್ಕೆ 300 ಇದ್ದದ್ದು 30 ಆಗುತ್ತದೆ, ಒಂದೊಂದು ಚುಕ್ಕಿಯೂ ಮಿಲಿಮೀಟರಿಗೆ ಹತ್ತಿರವಾಗುತ್ತದೆ. ಓರೆ ಗೆರೆಗಳೆಲ್ಲ ಮೆಟ್ಟಿಲಾಗುತ್ತವೆ, 3 ಯಾವುದು 8 ಯಾವುದು ತಿಳಿಯದು, ಚಹಾದ ಕಲೆ ಇನ್ನೊಂದು ಕೆರೆಯಾಗುತ್ತದೆ. ವೆಕ್ಟರ್ ರೂಪದಲ್ಲಿ ಹಾಗಿಲ್ಲ. ಅಲ್ಲಿ ಗೆರೆಯೆಂದರೆ ಇಂಥ ಬಿಂದುವಿನಿಂದ ಇಂಥ ಬಿಂದುವಿಗೆ ಎಂಬ ಲೆಕ್ಕ. ಎಷ್ಟು ಹಿಗ್ಗಿಸಿದರೂ ಅಂಚು ಹರಿತವಾಗಿರುತ್ತದೆ, ಗೆರೆಯ ದಪ್ಪವನ್ನು ನಾವೇ ಬೇರೆಯಾಗಿ ಇಡಬಹುದು. ಹಾಗಾಗಿ ಸ್ಕ್ಯಾನಿನ ಮೇಲೆ ಗೆರೆಗಳನ್ನು ಮತ್ತೆ ತೀಡಬೇಕು. ಚಿಕ್ಕಂದಿನಲ್ಲಿ ಬಟರ್ ಪೇಪರ್ ಇಟ್ಟು ಭಾರತದ ನಕ್ಷೆ ತೆಗೆಯುತ್ತಿದ್ದೆವಲ್ಲ, ಅದೇ ಕೆಲಸ. ನಾನು ಬಳಸಿದ್ದು ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ತಂತ್ರಾಂಶ.

ಅದರಲ್ಲಿ Trace Bitmap ಎಂಬ ಆಜ್ಞೆಯಿದೆ, ತಾನೇ ತೀಡಿಕೊಡುತ್ತದೆ. ಮೊದಲು ಅದನ್ನೇ ಒತ್ತಿದೆ. ಅರ್ಧ ನಿಮಿಷದಲ್ಲಿ ನಕ್ಷೆ ಬಂತು, ದೂರದಿಂದ ನೋಡಲು ಚೆನ್ನಾಗಿಯೂ ಇತ್ತು. ಹತ್ತಿರ ಹೋದಾಗ ಅದರ ಗುಣ ತಿಳಿಯಿತು. ಈ ಆಜ್ಞೆಯ ಸಾಮಾನ್ಯ ವಿಧಾನಕ್ಕೆ ಗೆರೆ ಎಂದರೇನು ಗೊತ್ತಿಲ್ಲ, ಕಪ್ಪು ಜಾಗ ಎಲ್ಲಿ ಮುಗಿದು ಬಿಳಿ ಜಾಗ ಎಲ್ಲಿ ಶುರುವಾಗುತ್ತದೆ ಎಂಬುದಷ್ಟೇ ಗೊತ್ತು. ಹಾಗಾಗಿ ಹೊಲದ ಒಂದು ಗಡಿಗೆರೆಯ ಬದಲು ಅದರ ಎರಡೂ ಅಂಚುಗಳನ್ನು ಸುತ್ತಿದ ಒಂದು ಸಣ್ಣ ಪಟ್ಟಿ ಬರುತ್ತದೆ. ಸ್ಕ್ಯಾನಿನಲ್ಲಿ ನಾಲ್ಕು ಚುಕ್ಕಿ ದಪ್ಪವಿದ್ದ ಗೆರೆ ಚಾರ್ಟಿನಲ್ಲಿ ಮೂರೂವರೆ ಮಿಲಿಮೀಟರಿನ ಪಟ್ಟಿಯಾಗುತ್ತದೆ, ನೆಲದಲ್ಲಿ ಅದು ಒಂಬತ್ತು ಅಡಿಗೆ ಹತ್ತಿರ. ಗೆರೆಗೆ ತಾಗಿದ ಅಂಕಿ ಗೆರೆಯ ಜೊತೆಗೇ ಅಂಟಿಕೊಂಡು ಮುದ್ದೆಯಾಗಿತ್ತು. ತುಂಡುಗೆರೆಯ ಬಂಡಿದಾರಿ ನೂರಾರು ಬಿಡಿ ಚೂರುಗಳಾಗಿತ್ತು. ಕಲೆಗಳನ್ನು ಕಳೆಯಲು Speckles ಎಂಬ ಅಳತೆಯನ್ನು ಏರಿಸಿದೆ. ಕಲೆಗಳ ಜೊತೆ ಎರಡು ಬಾವಿಗಳೂ ಹೋದವು. ಯಂತ್ರಕ್ಕೆ ಸಣ್ಣ ಸೊನ್ನೆಯೂ ಒಂದೇ, ಸಣ್ಣ ಕಲೆಯೂ ಒಂದೇ. ಲಾಂಛನಕ್ಕೋ ಕೈಬರಹಕ್ಕೋ ಈ ಆಜ್ಞೆ ಸಾಕು. ಅಳೆಯಬೇಕಾದ ನಕ್ಷೆಗೆ ಸಾಲದು.

ಆದ್ದರಿಂದ ಕೈಯಲ್ಲೇ ತೀಡಿದೆ. ಸ್ಕ್ಯಾನನ್ನು ಕೆಳಗಿನ ಪದರದಲ್ಲಿಟ್ಟು ಬೀಗ ಹಾಕಿ, ಅರೆಪಾರದರ್ಶಕ ಮಾಡಿದೆ. ಅದರ ಮೇಲೆ ಗಡಿ, ನೀರು, ದಾರಿ, ಅಕ್ಷರ ಎಂದು ನಾಲ್ಕು ಪದರಗಳು. ಗಡಿಯ ಪದರದಲ್ಲಿ ಪೆನ್ ಉಪಕರಣ ಹಿಡಿದು ಹೊಲದ ಮೂಲೆಯಿಂದ ಮೂಲೆಗೆ ಕ್ಲಿಕ್ ಮಾಡುತ್ತ ಹೋಗುವುದು. ನಾಲ್ಕುಪಟ್ಟು ಹತ್ತಿರ ತಂದು ನೋಡಿ, ಗೆರೆಯ ಅಂಚಿನಲ್ಲಲ್ಲ, ನಡುವೆ ಬಿಂದು ಇಡಬೇಕು. ಎರಡು ಹೊಲಗಳ ನಡುವಿನ ಬದು ಒಂದೇ, ಆದ್ದರಿಂದ ಗೆರೆಯೂ ಒಂದೇ ಇರಬೇಕು. ಒಂದೊಂದು ಹೊಲವನ್ನೂ ಬೇರೆಬೇರೆ ಸುತ್ತಿದರೆ ಬದುವಿಗೆ ಎರಡು ಗೆರೆಯಾಗಿ, ನಡುವೆ ಯಾರಿಗೂ ಸೇರದ ಕೂದಲೆಳೆಯ ಜಾಗ ಉಳಿಯುತ್ತದೆ. ಚಾರ್ಟಿನಲ್ಲಿ ಅದು ಎದ್ದು ಕಾಣುತ್ತದೆ. ಅಂಕಿಗಳನ್ನು ತೀಡಲಿಲ್ಲ, ಹೊಸದಾಗಿ ಟೈಪ್ ಮಾಡಿದೆ. ಗೆಳತಿ ಮೂಲ ನಕಾಶೆ ನೋಡಿ ಸರ್ವೆ ನಂಬರ್ ಕೂಗಿದಳು, ನಾನು ಪರದೆ ನೋಡಿ ಹೌದೆಂದೆ. ಎರಡು ತಪ್ಪು ಸಿಕ್ಕವು. ಹೀಗೆ ಮೂರು ಸಂಜೆ ಹಿಡಿಯಿತು.

ಇನ್ನು ಪ್ರಮಾಣದ ವಿಷಯ. ನಕಾಶೆಯ ಅಡಿಯಲ್ಲಿ ಸರಪಳಿಯ ಅಳತೆಪಟ್ಟಿ ಇತ್ತು. ಅದರ ನಲವತ್ತು ಸರಪಳಿ ಎರಡು ಅಂಗುಲ ಇರಬೇಕು, ಸ್ಕ್ಯಾನಿನಲ್ಲಿ 600 ಚುಕ್ಕಿ. ನಾನು ಎಣಿಸಿದಾಗ ಸಿಕ್ಕದ್ದು 588. ಹಳೆಯ ಕಾಗದ ಕುಗ್ಗಿದೆ, ನೆರಳಚ್ಚಿನಲ್ಲಿ ಮತ್ತಷ್ಟು ಕುಗ್ಗಿದೆ. ಶೇಕಡ ಎರಡು ತಾನೇ ಎಂದುಕೊಳ್ಳಬಾರದು. ಉದ್ದದಲ್ಲಿ ಶೇಕಡ 2 ಹೋದರೆ ವಿಸ್ತೀರ್ಣದಲ್ಲಿ ಶೇಕಡ 4 ಹೋಗುತ್ತದೆ, ನಾಲ್ಕು ಎಕರೆಯ ಹೊಲದಲ್ಲಿ ಆರು ಗುಂಟೆಗೂ ಹೆಚ್ಚು. ಹಾಗಾಗಿ ಹತ್ತುಪಟ್ಟು ಎಂದು ಕುರುಡಾಗಿ ಹಿಗ್ಗಿಸದೆ, ಅಳತೆಪಟ್ಟಿಯನ್ನೂ ನಕ್ಷೆಯ ಜೊತೆಗೇ ತೀಡಿ, ಆ ಪಟ್ಟಿ ಸರಿಯಾಗಿ ಇಪ್ಪತ್ತು ಅಂಗುಲ ಆಗುವವರೆಗೆ ಇಡೀ ಚಿತ್ರವನ್ನು ಒಟ್ಟಾಗಿ ಹಿಗ್ಗಿಸಿದೆ. ಪಟ್ಟಿ ಮಲಗಿದ ದಿಕ್ಕಿನಲ್ಲಷ್ಟೇ ಇದೆ, ಕಾಗದ ಎತ್ತರದ ದಿಕ್ಕಿನಲ್ಲಿ ಬೇರೆ ರೀತಿ ಕುಗ್ಗಿರಬಹುದು. ಅದಕ್ಕೆ ಮೂರು ಹೊಲಗಳನ್ನು ತ್ರಿಭುಜಗಳಾಗಿ ಒಡೆದು ವಿಸ್ತೀರ್ಣ ಮಾಡಿ ಪಹಣಿಯ ಜೊತೆ ನೋಡಿದೆ. ಒಂದು ಗುಂಟೆಯೊಳಗೆ ಸರಿಹೋಯಿತು. ಮೂಲದಲ್ಲಿದ್ದ 1:7920 ಎಂಬ ಬರಹವನ್ನು ಅಳಿಸಿದೆ. ನಕ್ಷೆ ಹಿಗ್ಗಿದರೆ ಅಳತೆಪಟ್ಟಿಯೂ ಹಿಗ್ಗುತ್ತದೆ, ಆದರೆ ಅಂಕಿಯಲ್ಲಿ ಬರೆದ ಪ್ರಮಾಣ ಹಾಗೇ ಉಳಿದು ಸುಳ್ಳಾಗುತ್ತದೆ. ಇದು ಮಕ್ಕಳಿಗೂ ಒಳ್ಳೆಯ ಪ್ರಶ್ನೆ.

ಕೊನೆಗೆ ಅಕ್ಷರಗಳನ್ನೆಲ್ಲ ಆಕೃತಿಗಳಾಗಿ ಬದಲಿಸಿ ಪಿಡಿಎಫ್ ಮಾಡಿಕೊಂಡೆ. ಹಾಗೆ ಮಾಡದಿದ್ದರೆ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇಲ್ಲದೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅಂಗಡಿಗೆ ಕೊಡುವ ಹಿಂದಿನ ರಾತ್ರಿ ಒಮ್ಮೆ ನೋಡಿದೆ. ಕೆರೆಯ ಅಂಚನ್ನು ಕೈಬಿಟ್ಟು ಎಳೆದದ್ದರಿಂದ ಅದು ನಡುಗಿದಂತೆ ಕಾಣುತ್ತಿತ್ತು. ಅದನ್ನು ಆಯ್ದು Ctrl+L ಒತ್ತಿದೆ. ಇದು Simplify ಎಂಬ ಆಜ್ಞೆ, ಬಿಂದುಗಳನ್ನು ಕಡಿಮೆ ಮಾಡಿ ಗೆರೆಯನ್ನು ನಯ ಮಾಡುತ್ತದೆ. ಇನ್ನೂ ಸ್ವಲ್ಪ ಎಂದು ಬೇಗಬೇಗ ಇನ್ನೆರಡು ಸಲ ಒತ್ತಿದೆ. ಕೆರೆ ನುಣುಪಾಯಿತು. ಮುದ್ರಣಕ್ಕೆ ಕಳಿಸಿದೆ.

ಚಾರ್ಟ್ ಗೋಡೆಗೆ ಬಂದ ದಿನ ತರಗತಿಯಲ್ಲಿ ಜಾತ್ರೆ. ಯಾರೂ ಹೇಳದೆಯೇ ಮಕ್ಕಳು ಕೆರೆಯಿಂದ ಶುರುಮಾಡಿ ತಮ್ಮ ತಮ್ಮ ಹೊಲಕ್ಕೆ ಬೆರಳು ನಡೆಸಿದರು. ಐದು ಗುಂಪು ಮಾಡಿ ಗುಂಪಿಗೆ ಎರಡೆರಡು ಹೊಲ ಕೊಟ್ಟೆ. ಮೂಲೆಯಿಂದ ಮೂಲೆಗೆ ದಾರ ಹಿಡಿದು ತ್ರಿಭುಜ ಮಾಡುವುದು, ಪಾದ ಮತ್ತು ಎತ್ತರ ಅಳೆಯುವುದು, ಚದರ ಅಂಗುಲದಲ್ಲಿ ಬಂದದ್ದನ್ನು ನಾಲ್ಕರಿಂದ ಗುಣಿಸಿ ಗುಂಟೆ ಮಾಡುವುದು. ನಾಲ್ಕು ಗುಂಪುಗಳ ಉತ್ತರ ಪಹಣಿಗೆ ಒಂದು ಗುಂಟೆ ಹೆಚ್ಚುಕಡಿಮೆಯಲ್ಲಿ ಬಂತು. ಐದನೆಯ ಗುಂಪಿನಲ್ಲಿ 42ನೇ ನಂಬರಿನ ಹುಡುಗನಿದ್ದ. ಪಕ್ಕದ 43ನೇ ನಂಬರಿನವನೂ ಅದೇ ಗುಂಪಿನಲ್ಲಿದ್ದ. ಎರಡು ಮನೆಗಳಿಗೂ ಆ ಬದುವಿನ ವಿಷಯದಲ್ಲಿ ಮಾತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

"ಮಿಸ್, ನಮ್ದು ಮೂರು ಎಕ್ರೆ ಎಂಟು ಗುಂಟೆ. ಇಲ್ಲಿ ಮೂರು ಎಕ್ರೆ ನಾಕೇ ಬತ್ತೈತೆ," ಎಂದ ಮೊದಲನೆಯವನು. ಅಳತೆ ತಪ್ಪಿರಬೇಕು, ಮತ್ತೆ ಅಳೆಯಿರಿ ಎಂದೆ. ಮತ್ತೆ ಅದೇ ಬಂತು. ಅಷ್ಟರಲ್ಲಿ ಎರಡನೆಯವನು, "ನಮ್ದು ಎರಡು ಎಕ್ರೆ ಇಪ್ಪತ್ತು. ಇಲ್ಲಿ ಇಪ್ಪತ್ನಾಕು ಐತೆ ಮಿಸ್," ಎಂದ. ಅವನ ಮುಖದಲ್ಲಿ ನಗುವಿತ್ತು. ಗಂಟೆ ಹೊಡೆಯಿತು. ನಾಳೆ ನೋಡೋಣ ಎಂದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಎರಡನೆಯ ಹುಡುಗನ ತಂದೆ ಶಾಲೆಗೆ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು ತರಗತಿಯೊಳಗೆ ಬಂದು ಚಾರ್ಟಿನ ಮುಂದೆ ಬಹಳ ಹೊತ್ತು ನಿಂತರು. ಬದುವಿನ ಗೆರೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದರು. "ನೆಟ್ಟಗೈತೆ ನೋಡಿ ಮೇಡಂ. ನಾನು ಅದನ್ನೇ ಹೇಳ್ತಿರೋದು. ಇದು ಗೌರ್ಮೆಂಟ್ ನಕ್ಷೆ ತಾನೇ?" ಎಂದರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸರ್ಕಾರಿ ನಕಾಶೆಯಿಂದ ತೆಗೆದದ್ದು ಎಂಬುದು ನಿಜ. ಸರ್ಕಾರಿ ನಕಾಶೆ ಎಂಬುದು ನಿಜವಲ್ಲ. ಮುಖ್ಯ ಶಿಕ್ಷಕರು ಅವರನ್ನು ಕೂರಿಸಿ, ನನ್ನ ಕಡೆ ತಿರುಗಿ, "ನಿಮ್ಮ ಕಂಪ್ಯೂಟರಿನಲ್ಲಿ ಮೂಲ ಇದೆಯಲ್ಲಮ್ಮ, ತೋರಿಸಿ," ಎಂದರು.

ಆ ಐದು ನಿಮಿಷದಲ್ಲಿ ನನ್ನ ತಲೆಯಲ್ಲಿ ಓಡಿದ್ದು ಇಷ್ಟು. ಪ್ರಮಾಣ ತಪ್ಪಿದ್ದರೆ ಎಲ್ಲ ಹೊಲಗಳೂ ಒಂದೇ ಶೇಕಡದಲ್ಲಿ ಹಿಗ್ಗಬೇಕಿತ್ತು ಅಥವಾ ಕುಗ್ಗಬೇಕಿತ್ತು. ಹಾಗಾಗಿಲ್ಲ. ಒಬ್ಬರಿಗೆ ನಾಲ್ಕು ಗುಂಟೆ ಕಡಿಮೆ, ಪಕ್ಕದವರಿಗೆ ನಾಲ್ಕು ಗುಂಟೆ ಹೆಚ್ಚು, ಎರಡೂ ಕೂಡಿದರೆ ಪಹಣಿಯ ಮೊತ್ತ ಸರಿಯಾಗಿದೆ. ಹಾಗಾದರೆ ತಪ್ಪಿರುವುದು ಇಬ್ಬರ ನಡುವಿನ ಆ ಒಂದೇ ಗೆರೆಯಲ್ಲಿ. ತೀಡಿದ ಗೆರೆಗಳನ್ನು ಕೆಂಪು ಮಾಡಿ, ಕೆಳಗಿನ ಸ್ಕ್ಯಾನನ್ನು ಪೂರ್ತಿ ಕಾಣುವಂತೆ ಮಾಡಿದೆ. ಕೆಂಪು ಗೆರೆ ನೇರವಾಗಿ ಹೋಗಿತ್ತು. ಅದರ ಕೆಳಗೆ ಮಾಸಿದ ಕಪ್ಪು ಗೆರೆ ಅರ್ಧ ದಾರಿಯಲ್ಲಿ 43ರ ಕಡೆಗೆ ಮೊಣಕೈಯಂತೆ ಬಾಗಿ ಮತ್ತೆ ಸೇರಿಕೊಂಡಿತ್ತು. ನಾನು ತೀಡುವಾಗ ಆ ಮೊಣಕೈಗೆ ಬಿಂದು ಇಟ್ಟಿದ್ದೆ. ಕೆರೆಯ ಅಂಚಿನ ಜೊತೆಗೆ ಆ ಬದುವಿನ ಗೆರೆಯೂ ಆಯ್ಕೆಯಾಗಿದ್ದದ್ದನ್ನು ನೋಡದೆ Ctrl+L ಒತ್ತಿದ್ದೆ. ಆ ಆಜ್ಞೆಯನ್ನು ಬೇಗಬೇಗ ಒತ್ತಿದಷ್ಟೂ ಅದರ ಬಲ ಹೆಚ್ಚುತ್ತದೆ. ಮೂರನೆಯ ಒತ್ತಿಗೆ ಮೊಣಕೈ ಹೋಗಿತ್ತು. ಪಹಣಿಯ ಜೊತೆ ನಾನು ತಾಳೆ ನೋಡಿದ್ದು ಅದಕ್ಕೂ ಮೊದಲು.

ಮೊಣಕೈಯನ್ನು ಚಾರ್ಟಿನ ಅಳತೆಯಲ್ಲಿ ಲೆಕ್ಕ ಹಾಕಿದರೆ ಮೂರು ಅಂಗುಲ ಪಾದ, ಅರ್ಧ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು, 0.6 ಅಂಗುಲ ಎತ್ತರದ ತ್ರಿಭುಜ. ವಿಸ್ತೀರ್ಣ 0.9 ಚದರ ಅಂಗುಲ, ಅಂದರೆ 3.6 ಗುಂಟೆ. ಮೂಲ ನಕಾಶೆಯಲ್ಲಿ ಅದರ ಎತ್ತರ ಒಂದೂವರೆ ಮಿಲಿಮೀಟರ್. ಅಷ್ಟು ಸಣ್ಣದನ್ನು ತಂತ್ರಾಂಶ ನಡುಕವೆಂದು ತಿಳಿದು ನೆಟ್ಟಗೆ ಮಾಡಿತು. ಹಾಗೆ ತಿಳಿಯಲು ಅಪ್ಪಣೆ ಕೊಟ್ಟವಳು ನಾನು.

ಹುಡುಗನ ತಂದೆಗೆ ಪರದೆಯನ್ನು ತೋರಿಸಿ, "ಅಣ್ಣಾ, ನೆಟ್ಟಗೆ ಮಾಡಿದ್ದು ನಾನು, ಸರ್ವೆಯವರಲ್ಲ. ಮೂಲದಲ್ಲಿ ಸೊಟ್ಟಗೇ ಇದೆ," ಎಂದೆ. ಅವರು ಬಗ್ಗಿ ನೋಡಿದರು. ಮುಖ್ಯ ಶಿಕ್ಷಕರು ಮಾತು ಸೇರಿಸಿದರು: ಗ್ರಾಮ ನಕಾಶೆಯನ್ನೇ ಇಟ್ಟುಕೊಂಡು ಬದು ತೀರ್ಮಾನ ಮಾಡುವುದಿಲ್ಲ, ಪ್ರತಿ ಸರ್ವೆ ನಂಬರಿಗೂ ಸರಪಳಿ ಅಳತೆ ಬರೆದ ಟಿಪ್ಪಣಿ ಇರುತ್ತದೆ, ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಸರ್ವೆಯರ್ ಅದನ್ನು ಹಿಡಿದು ಬಂದು ಅಳೆಯುತ್ತಾರೆ. ಅವರು ಹೂಂ ಎಂದರು. ಹೋಗುವಾಗ ಬಾಗಿಲ ಬಳಿ ನಿಂತು, "ಅಷ್ಟು ಚೆಂದಾಗಿ ಬರೆದಿದ್ದೀರಲ್ಲ, ಅದಕ್ಕೇ ನಂಬಿದ್ದು," ಎಂದರು.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಮಾಸಿದ ನೆರಳಚ್ಚನ್ನು ನೋಡಿದವರಿಗೆ ಅನುಮಾನ ತಾನಾಗಿಯೇ ಬರುತ್ತದೆ. ಹರಿತವಾದ ಗೆರೆ ಅನುಮಾನವನ್ನು ಒರೆಸಿಹಾಕುತ್ತದೆ. ಆದರೆ ಹರಿತವಾದ ಮಾತ್ರಕ್ಕೆ ನಕ್ಷೆ ಹೆಚ್ಚು ನಿಖರವಾಗುವುದಿಲ್ಲ. 1:7920ರ ನಕಾಶೆಯಲ್ಲಿ ಬರೆಯುವವರ ಕೈ ಅರ್ಧ ಮಿಲಿಮೀಟರ್ ಸರಿದರೆ ನೆಲದಲ್ಲಿ ನಾಲ್ಕು ಮೀಟರ್. ನಾವು ಅದನ್ನು ಆರಡಿ ಚಾರ್ಟ್ ಮಾಡಿ, ಕೂದಲೆಳೆಯಂಥ ಗೆರೆಯಲ್ಲಿ ಬರೆದರೂ ಆ ನಾಲ್ಕು ಮೀಟರ್ ಹಾಗೆಯೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ. ಅದಕ್ಕೇ ಮುಂದಿನ ಮುದ್ರಣದಲ್ಲಿ ಗಡಿಗೆರೆಯನ್ನು ಬೇಕೆಂದೇ ಐದು ಮಿಲಿಮೀಟರ್ ದಪ್ಪ ಮಾಡಿದೆ. ನೆಲದ ಮೇಲೆ ಅದು ಸುಮಾರು ನಾಲ್ಕು ಮೀಟರ್. ಗೆರೆಯೊಳಗೆ ಎಲ್ಲಿ ಬೇಕಾದರೂ ಬದು ಇರಬಹುದು ಎಂದು ಮಕ್ಕಳಿಗೆ ಹೇಳಲು ಅನುಕೂಲವಾಯಿತು.

ಆ ದಿನದ ಪಾಠವನ್ನು ಯೋಜನೆಯಂತೆ ಮಾಡಲಿಲ್ಲ. ತಪ್ಪು ಚಾರ್ಟನ್ನು ಹಾಗೇ ಬಿಟ್ಟು, ಐದೂ ಗುಂಪುಗಳ ಉತ್ತರಗಳನ್ನು ಹಲಗೆಯ ಮೇಲೆ ಬರೆದು, ತಪ್ಪು ಎಲ್ಲಿದೆ ಹುಡುಕಿ ಎಂದೆ. ಎಲ್ಲ ಹೊಲಗಳೂ ಕಡಿಮೆ ಬಂದಿದ್ದರೆ ಏನು ಅರ್ಥ, ಎರಡೇ ಹೊಲಗಳಲ್ಲಿ ಏರುಪೇರಾದರೆ ಏನು ಅರ್ಥ ಎಂದು ಕೇಳಿದೆ. ಹಿಂದಿನ ಬೆಂಚಿನ ಒಬ್ಬಳು ಎದ್ದು, "ಇಬ್ರುದೂ ಕೂಡಿದ್ರೆ ಸರೀಗ್ ಬತ್ತೈತೆ ಮಿಸ್, ನಡುವಿನ್ ಗೆರೆ ಸರ್ದೈತೆ," ಎಂದಳು. 42 ಮತ್ತು 43ರ ಹುಡುಗರಿಬ್ಬರಿಗೂ ದಾರ ಕೊಟ್ಟೆ. ಮೂಲದ ನೆರಳಚ್ಚು ನೋಡಿ ಮೊಣಕೈ ಎಲ್ಲಿ ಬರಬೇಕೆಂದು ಇಬ್ಬರೂ ಸೇರಿ ಗುರುತಿಸಿ, ಮಾರ್ಕರಿನಲ್ಲಿ ಬರೆದರು. ಮನೆಗಳ ಜಗಳ ಅದರಿಂದ ತೀರಿತೆಂದು ನಾನು ಹೇಳಲಾರೆ.

ಅವಲೋಕನಕ್ಕೆ ಬಂದಿದ್ದ ನಮ್ಮ ಉಪನ್ಯಾಸಕರು ವರದಿಯಲ್ಲಿ ಒಂದೇ ಸಾಲು ಬರೆದರು: ತಾಳೆ ನೋಡುವುದು ಕೊನೆಯ ಕೆಲಸವಾಗಿರಲಿ. ಅಂದಿನಿಂದ ಹಾಗೇ ಮಾಡುತ್ತಿದ್ದೇನೆ. ತೀಡಿ, ಹಿಗ್ಗಿಸಿ, ಚೆಂದಗೊಳಿಸಿ, ಪಿಡಿಎಫ್ ಆದ ಮೇಲೆ, ಅದೇ ಪಿಡಿಎಫನ್ನು ತೆರೆದು ಸ್ಕ್ಯಾನಿನ ಮೇಲಿಟ್ಟು ಕೆಂಪು ಗೆರೆಯನ್ನು ಮೂಲೆ ಮೂಲೆಗೂ ನೋಡುತ್ತೇನೆ. ನೀರು, ಗಡಿ ಎರಡೂ ಬೇರೆ ಪದರದಲ್ಲಿದ್ದ ಮೇಲೆ, ನೀರನ್ನು ತಿದ್ದುವಾಗ ಗಡಿಗೆ ಬೀಗ ಹಾಕುತ್ತೇನೆ. ಆ ರಾತ್ರಿ ಅಷ್ಟು ಮಾಡಿದ್ದರೆ ಸಾಕಿತ್ತು.

ಶಿರಾ, ಕೊರಟಗೆರೆ, ಪಾವಗಡದಲ್ಲಿದ್ದ ಗೆಳೆಯರು ತಮ್ಮ ಶಾಲೆಯ ಊರಿಗೂ ಇಂಥ ಚಾರ್ಟ್ ಬೇಕೆಂದು ಕಡತ ಕೇಳಿದರು. ಕೊಟ್ಟೆ. ಅದರಲ್ಲಿ ಈಗ ಐದನೆಯ ಪದರವೊಂದಿದೆ. ಬಲಗಡೆಯ ಮೂಲೆಯಲ್ಲಿ ಮೂಲ ಸ್ಕ್ಯಾನಿನ ಸಣ್ಣ ಚಿತ್ರ, ಕಲೆ ಮಡಿಕೆಗಳ ಸಮೇತ. ಅದರ ಕೆಳಗೆ ಅಂಗೈಯಗಲ ಅಕ್ಷರದಲ್ಲಿ ಎರಡು ಸಾಲು: ಇದನ್ನು ತೀಡಿದವರು ಪ್ರಶಿಕ್ಷಣಾರ್ಥಿ. ಪಾಠಕ್ಕೆ ಮಾತ್ರ, ಬದುವಿಗಲ್ಲ.